ಚರಂಡಿ ಟೆಂಡರ್ ಕನ್ನಡಕ್ಕೆ: ಬಿಓಕ್ಯೂ ಅನುವಾದದ ಒಂದು ಪ್ರಕರಣ

ಕೆಲಸ ದೊಡ್ಡದೇನಲ್ಲ. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ 240 ಮೀಟರ್ ಕಾಂಕ್ರೀಟ್ ರಸ್ತೆ, ಅದರ ಒಂದು ಬದಿಗೆ ಅಷ್ಟೇ ಉದ್ದದ ಆರ್‌ಸಿಸಿ ಚರಂಡಿ. ಐಟಂ ರೇಟ್ ಟೆಂಡರ್. ಅಂದರೆ ಪ್ರತಿ ಐಟಂಗೂ ಗುತ್ತಿಗೆದಾರರೇ ದರ ತುಂಬಬೇಕು. ದಾಖಲೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಟೆಂಡರ್ ಹಾಕಬೇಕೆಂದಿದ್ದ ಗುತ್ತಿಗೆದಾರರಿಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೆ ಅವರ ಪಾಲುದಾರ, ಸೆಂಟ್ರಿಂಗ್ ಮೇಸ್ತ್ರಿ, ಕಬ್ಬಿಣ ಕಟ್ಟುವವರು ಕನ್ನಡ ಮಾತ್ರ ಓದುವವರು. ಒಳಗುತ್ತಿಗೆಯ ದರ ಹೇಳಬೇಕಾದವರು ಇವರೇ. ಹಾಗಾಗಿ ತಾಂತ್ರಿಕ ವಿವರಣೆ ಮತ್ತು ಬಿಓಕ್ಯೂ, ಎರಡನ್ನೂ ಕನ್ನಡಕ್ಕೆ ತರಬೇಕಿತ್ತು. ಬಿಓಕ್ಯೂ ಅಂದರೆ ಪ್ರತಿ ಐಟಂನ ವಿವರ, ಯೂನಿಟ್, ಪ್ರಮಾಣ ಇರುವ ಪಟ್ಟಿ.

ಒಂದು ಡಿಟಿಪಿ ಅಂಗಡಿಯಲ್ಲಿ ಮೊದಲ ಕರಡು ಆಗಲೇ ಆಗಿತ್ತು. ಮಾಡಿದವರ ಕನ್ನಡ ಚೆನ್ನಾಗಿತ್ತು. ಕಾಗುಣಿತದ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ನನ್ನ ಬಳಿ ಅದು ಬಂದದ್ದು ಪರಿಶೀಲನೆಗೆ. ನಾನು ಎಸ್ಟಿಮೇಟ್ ಕೆಲಸದಿಂದ ಅನುವಾದಕ್ಕೆ ಬಂದವನು. ಇಂಥ ಕರಡು ಕೈಗೆ ಬಂದರೆ ಮೊದಲು ಓದುವುದು ವಾಕ್ಯಗಳನ್ನಲ್ಲ, ನಕ್ಷೆಯನ್ನು. ನಕ್ಷೆಯ ಅಳತೆ ಹಿಡಿದು ಪ್ರತಿ ಐಟಂನ ಪ್ರಮಾಣವನ್ನು ಒಮ್ಮೆ ನಾನೇ ಹಾಕಿ ನೋಡುತ್ತೇನೆ. ಯೂನಿಟ್ ಎಲ್ಲಿ ತಪ್ಪಿದೆ ಅನ್ನುವುದು ಆಗ ತಾನಾಗಿ ಬೀಳುತ್ತದೆ.

ಚರಂಡಿಯ ನಕ್ಷೆ ಸರಳ. ಒಳ ಅಗಲ 450 ಮಿಲಿಮೀಟರ್, ಒಳ ಆಳ 600. ಗೋಡೆ, ತಳ ಎರಡೂ 150 ದಪ್ಪ. ಹೊರ ಅಗಲ 0.75 ಮೀಟರ್. ತಳದ ಕಾಂಕ್ರೀಟ್ ಒಂದು ಮೀಟರ್ ಉದ್ದಕ್ಕೆ 0.75 × 0.15, ಅಂದರೆ 0.1125 ಘನ ಮೀಟರ್. ಎರಡು ಗೋಡೆ ಸೇರಿ 0.18. ಒಟ್ಟು 0.2925. 240 ಮೀಟರಿಗೆ 70.2 ಘನ ಮೀಟರ್. ಬಿಓಕ್ಯೂನಲ್ಲೂ 70.20 ಎಂದೇ ಇತ್ತು, ಕರಡಿನಲ್ಲೂ ಸರಿಯಾಗಿತ್ತು. ಮುಂದಿನ ಸಾಲು ಕಬ್ಬಿಣದ್ದು. ಕರಡಿನಲ್ಲಿ "3.20 ಮೀ." ಎಂದಿತ್ತು. 240 ಮೀಟರ್ ಚರಂಡಿಗೆ ಮೂರು ಮೀಟರ್ ಕಬ್ಬಿಣ!

ಮೂಲದಲ್ಲಿ ಇದ್ದದ್ದು `MT`, ಮೆಟ್ರಿಕ್ ಟನ್. ಇದನ್ನು ಸಾಬೀತು ಮಾಡಲು ನಿಘಂಟು ಬೇಡ, ಲೆಕ್ಕ ಸಾಕು. ನಕ್ಷೆಯಲ್ಲಿ ಯು ಆಕಾರದ 10 ಎಂಎಂ ಸರಳು, 150 ಎಂಎಂಗೆ ಒಂದರಂತೆ. ಸುಮಾರು 1,600 ಸರಳು, ಒಂದೊಂದೂ ಹೆಚ್ಚುಕಮ್ಮಿ 2.1 ಮೀಟರ್. ಉದ್ದಕ್ಕೆ 8 ಎಂಎಂನ 11 ಸರಳು. ಸರಳಿನ ತೂಕಕ್ಕೆ ಸೈಟಿನಲ್ಲಿ ಎಲ್ಲರಿಗೂ ಗೊತ್ತಿರುವ ಸೂತ್ರ `d²/162`. ವ್ಯಾಸ ಎಂಎಂನಲ್ಲಿ ಹಾಕಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 10 ಎಂಎಂಗೆ 0.617, 8 ಎಂಎಂಗೆ 0.395. ಯು ಸರಳು ಸುಮಾರು 2,070 ಕೆಜಿ, ಉದ್ದದ ಸರಳು ಜೋಡಣೆಯ ಲ್ಯಾಪ್ ಸೇರಿ ಸುಮಾರು 1,090 ಕೆಜಿ. ಒಟ್ಟು 3.16 ಟನ್. ಬಿಓಕ್ಯೂನ 3.20ಕ್ಕೆ ಸರಿಹೊಂದುತ್ತದೆ. ಇಲ್ಲಿ ಟನ್ ಬದಲು ಕ್ವಿಂಟಾಲ್ ಅಂತ ಬರೆದಿದ್ದರೂ ಇದೇ ಲೆಕ್ಕ ಹಿಡಿದುಕೊಡುತ್ತಿತ್ತು. ಮೀಟರ್ ಅಂತ ಬರೆದರೆ ಯಾರಿಗಾದರೂ ನಗು ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಕ್ವಿಂಟಾಲ್ ಅಂತ ಬರೆದರೆ ಯಾರೂ ನಗುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯ.

ಸೆಂಟ್ರಿಂಗ್ ಸಾಲಿನಲ್ಲಿ ಇನ್ನೊಂದು ಬಗೆಯ ತೊಂದರೆ. ಹಲಗೆ ಕಾಂಕ್ರೀಟಿಗೆ ತಾಗುವ ಮೈಯನ್ನು ಅಳೆದು ಹಣ ಕೊಡುತ್ತಾರೆ. ಒಳಗಡೆ ಎರಡು ಗೋಡೆಗೆ 1.2 ಮೀಟರ್, ಹೊರಗಡೆ ತಳ ಸೇರಿ 1.5. ಮೀಟರ್ ಉದ್ದಕ್ಕೆ 2.7 ಚದರ ಮೀಟರ್, ಒಟ್ಟು 648. ಕರಡಿನ ಪ್ರಮಾಣ ಸರಿ ಇತ್ತು. ಆದರೆ ಕಾಲಂ ಚಿಕ್ಕದು, ಜಾಗ ಸಾಲದೆ ಯೂನಿಟ್ ಕಾಲಂನಲ್ಲಿ ಬರೀ "ಚದರ" ಎಂದು ಮುದ್ರಿಸಿದ್ದರು. ನಮ್ಮ ಕಡೆ ಮೇಸ್ತ್ರಿಗಳಿಗೆ ಚದರ ಅಂದರೆ 100 ಚದರ ಅಡಿ. ಮನೆ ಎಷ್ಟು ಚದರ ಅಂತ ಕೇಳುತ್ತೇವಲ್ಲ, ಅದೇ ಚದರ. ಅದು 9.29 ಚದರ ಮೀಟರ್. 648 ಚದರ ಮೀಟರ್ ಅಂದರೆ ಸುಮಾರು 70 ಚದರ. ಒಂದು ಕಡೆ 648, ಇನ್ನೊಂದು ಕಡೆ 70. ಒಂಬತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಕರಡನ್ನು ಮೇಸ್ತ್ರಿಗೆ ತೋರಿಸಿದಾಗ ಅವರು ಕೇಳಿದ್ದೂ ಇದನ್ನೇ. "ಸಾರ್, ಇದು ನಮ್ಮ ಚದರಾನಾ, ಮೀಟರ್ ಚದರಾನಾ? ನಮ್ದೇ ಆದ್ರೆ ಇಷ್ಟು ದೊಡ್ಡ ಕೆಲಸ ಈ ಊರಲ್ಲಿ ಎಲ್ಲಿ ಮಾಡ್ತಾರೆ?" ಅವರಿಗೆ ಅನುಮಾನ ಬಂದದ್ದು ಪ್ರಮಾಣ ನೋಡಿ. ಆದರೆ ದರ ಹೇಳುವಾಗ ಬಾಯಿಗೆ ಬರುವುದು ಅಭ್ಯಾಸದ ದರ. ಚದರಕ್ಕೆ ಇಷ್ಟು ಅಂತ ಹೇಳಿದ ಸಂಖ್ಯೆ ಚದರ ಮೀಟರ್ ಕಾಲಂನಲ್ಲಿ ಕೂತರೆ ಆ ಐಟಂನ ಮೊತ್ತ ಒಂಬತ್ತು ಪಟ್ಟು ಏರುತ್ತದೆ, ಟೆಂಡರ್ ಕೈತಪ್ಪುತ್ತದೆ. ಹಾಗಾಗಿ ಯೂನಿಟ್ ಕಾಲಂ ಅಗಲ ಮಾಡಿಸಿ ಪೂರ್ತಿ "ಚದರ ಮೀಟರ್" ಅಂತ ಬರೆಸಿದೆ. ಅದರ ಕೆಳಗೆ ಮೂಲದ `sqm` ಹಾಗೇ ಇರಲಿ ಎಂದೆ. ಜೊತೆಗೆ ಇನ್ನೊಂದು ಕಾಲಂ ಸೇರಿಸಿದೆವು, ತಲೆಬರಹ "ಮೇಸ್ತ್ರಿ ಲೆಕ್ಕಕ್ಕೆ ಮಾತ್ರ". ಅಲ್ಲಿ 69.75 ಚದರ ಅಂತ ಬಂತು. ಆ ಕಾಲಂ ಟೆಂಡರಿನ ಭಾಗವಲ್ಲ ಅಂತ ಮೇಲೇ ಬರೆದಿತ್ತು.

ಅಂಕಿಗಳ ವಿಷಯಕ್ಕೆ ಒಂದು ಮಾತು. ಕರಡು ಕನ್ನಡ ಅಂಕಿಯಲ್ಲಿತ್ತು, ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡ್ ಅಲ್ಲದ ಫಾಂಟ್ ಅದು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಕಲಸಿಹೋಗುತ್ತವೆ. ವ್ಯಾಸದ ಗುರುತು, ಮೇಲೆ ಬರೆಯುವ ಪುಟ್ಟ 2, 3 ಮೊದಲು ಹಾಳಾಗುವವು. ಕನ್ನಡ ಅಂಕಿ ನನಗೂ ಇಷ್ಟ. ಆದರೆ ನಕ್ಷೆ, ಸರಳಿನ ಮೇಲಿನ ಅಚ್ಚು, ಸಿಮೆಂಟ್ ಚೀಲ, ಅಳತೆ ಪುಸ್ತಕ ಎಲ್ಲವೂ 1, 2, 3ರಲ್ಲಿ ಇರುವಾಗ ಅನುವಾದ ಮಾತ್ರ ಬೇರೆ ಅಂಕಿಯಲ್ಲಿದ್ದರೆ ಓದುವವರು ಪ್ರತಿ ಸಲ ಮನಸ್ಸಿನಲ್ಲೇ ಬದಲಿಸಿಕೊಳ್ಳಬೇಕು. ೬ ಮತ್ತು ೯ ಚಿಕ್ಕ ಅಕ್ಷರದಲ್ಲಿ ಒಂದರಂತೆ ಒಂದು ಕಾಣುತ್ತವೆ. ಎಲ್ಲವನ್ನೂ ಯೂನಿಕೋಡ್‌ಗೆ ತಂದು ಅಂಕಿ ಬದಲಿಸಿದೆವು. "ಮಿ.ಮೀ." ಮತ್ತು "ಮೀ." ನಡುವೆ ಒಂದೇ ಅಕ್ಷರದ ಅಂತರ ಇರುವುದರಿಂದ ಮಿಲಿಮೀಟರಿಗೆ ಎಲ್ಲ ಕಡೆ "ಎಂಎಂ" ಅಂತಲೇ ಇಟ್ಟೆವು. ಸೈಟಿನಲ್ಲಿ ಹೇಳುವುದೂ ಹಾಗೇ.

ಇನ್ನು ಈ ಪ್ರಕರಣದ ಮುಖ್ಯ ಐಟಂಗೆ ಬರುತ್ತೇನೆ. ಚರಂಡಿಯ ಆರ್‌ಸಿಸಿ. ರಾಜ್ಯದ ದರಪಟ್ಟಿಯ ಧಾಟಿಯಲ್ಲೇ ಬರೆದ ಒಂದೇ ವಾಕ್ಯ, ಆರೇಳು ಸಾಲು ಉದ್ದ. ಡಿಸೈನ್ ಮಿಕ್ಸ್ ಎಂ20, ಘನ ಮೀಟರಿಗೆ 320 ಕೆಜಿ ಸಿಮೆಂಟ್, 20 ಎಂಎಂ ಜಲ್ಲಿ, ಯಂತ್ರದಲ್ಲಿ ಕಲಸುವುದು, 15 ಸೆಂಟಿಮೀಟರ್ ಮೀರದ ಪದರ, ವೈಬ್ರೇಟರ್, ಸಾಮಗ್ರಿ, ಕೂಲಿ, ಯಂತ್ರದ ಖರ್ಚು, ಕ್ಯೂರಿಂಗ್ ಎಲ್ಲ ಸೇರಿ, ಕೊನೆಯಲ್ಲಿ ಕಬ್ಬಿಣದ ಖರ್ಚು ಬಿಟ್ಟು. ಕರಡಿನಲ್ಲಿ ಇದನ್ನೂ ಒಂದೇ ವಾಕ್ಯವಾಗಿ ಇಟ್ಟಿದ್ದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ವಾ? ಹಾಗಾಗಿ "ಕಬ್ಬಿಣ ಹೊರತುಪಡಿಸಿ" ಅನ್ನುವುದು ವಾಕ್ಯದ ನಡುವೆ, ಕ್ಯೂರಿಂಗ್ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು. ಪಾಲುದಾರರು ಓದಿ "ಅಂದ್ರೆ ಕಬ್ಬಿಣ ಹಾಕೋದೇ ಬೇಡ್ವಾ?" ಎಂದು ಕೇಳಿದರು. ಅವರ ತಪ್ಪಲ್ಲ, ವಾಕ್ಯ ಹಾಗೆ ಕೂಡ ಓದಿಸಿಕೊಳ್ಳುತ್ತಿತ್ತು.

ಬಿಓಕ್ಯೂನ ಒಂದು ಐಟಂ ಓದಿದವರಿಗೆ ಮೂರು ವಿಷಯ ಗೊತ್ತಾಗಬೇಕು. ಏನು ಮಾಡಬೇಕು, ನಾನು ತುಂಬುವ ದರದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ. ಇಂಗ್ಲಿಷಿನಲ್ಲಿ ಇದು ಒಂದೇ ಉಸಿರಿನಲ್ಲಿ ಬರುತ್ತದೆ. ಕನ್ನಡದಲ್ಲಿ ಒಡೆದು ಬರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಕೊನೆಗೆ ಹೀಗಾಯಿತು:

ಐಟಂ 4. ಚರಂಡಿಯ ತಳ ಮತ್ತು ಗೋಡೆಗೆ ಆರ್‌ಸಿಸಿ ಕಾಂಕ್ರೀಟ್ ಹಾಕುವುದು.
ದರ್ಜೆ: `M20`, ಡಿಸೈನ್ ಮಿಕ್ಸ್. ಒಂದು ಘನ ಮೀಟರಿಗೆ ಸಿಮೆಂಟ್ 320 ಕೆಜಿ.
ಜಲ್ಲಿ: 20 ಎಂಎಂ ಮತ್ತು ಅದರಿಂದ ಕೆಳಗಿನ ಗಾತ್ರಗಳು ಬೆರೆತದ್ದು.
ಹಾಕುವ ಕ್ರಮ: ಯಂತ್ರದಲ್ಲಿ ಕಲಸಬೇಕು. ಒಂದು ಪದರ 15 ಸೆಂಟಿಮೀಟರ್ ಮೀರಬಾರದು. ವೈಬ್ರೇಟರ್ ಹಾಕಬೇಕು.
ದರದಲ್ಲಿ ಸೇರಿದೆ: ಎಲ್ಲ ಸಾಮಗ್ರಿ, ಕೂಲಿ, ಯಂತ್ರದ ಖರ್ಚು, ಕ್ಯೂರಿಂಗ್.
ದರದಲ್ಲಿ ಸೇರಿಲ್ಲ: ಕಬ್ಬಿಣ. ಅದಕ್ಕೆ ಐಟಂ 5ರಲ್ಲಿ ಬೇರೆ ದರ.
ಪ್ರಮಾಣ: 70.20 ಘನ ಮೀಟರ್.

"ಐಟಂ 5ರಲ್ಲಿ ಬೇರೆ ದರ" ಅನ್ನುವುದು ಮೂಲದ ವಾಕ್ಯದಲ್ಲಿ ಇಲ್ಲ. ಬಿಓಕ್ಯೂನಲ್ಲಿ ಮುಂದಿನ ಸಾಲೇ ಅದು. ಇಷ್ಟು ಸೇರಿಸಬಹುದು ಅಂತ ನಾನು ಅಂದುಕೊಳ್ಳುತ್ತೇನೆ, ಓರೆ ಅಕ್ಷರದಲ್ಲಿ. ಆದರೆ ಕರಡಿನಲ್ಲಿ ಬೇರೊಂದು ಸೇರ್ಪಡೆ ಇತ್ತು, ಅದನ್ನು ತೆಗೆಯಲೇಬೇಕಿತ್ತು.

ಎಂ20 ಪಕ್ಕದಲ್ಲಿ ಕಂಸದಲ್ಲಿ 1:1.5:3 ಎಂದು ಸಿಮೆಂಟ್, ಮರಳು, ಜಲ್ಲಿಯ ಪಾಲು ಬರೆದಿದ್ದರು. ಓದುವವರಿಗೆ ಸುಲಭವಾಗಲಿ ಅಂತ. ಎಂ ಅಂದರೆ ಮಿಕ್ಸ್. 20 ಅಂದರೆ 150 ಎಂಎಂ ಘನದ ಮಾದರಿ 28 ದಿನಕ್ಕೆ ತಡೆಯಬೇಕಾದ ಒತ್ತಡ, ಚದರ ಮಿಲಿಮೀಟರಿಗೆ 20 ನ್ಯೂಟನ್. ಅದು ಶಕ್ತಿಯ ಅಳತೆ, ಪಾಲಿನ ಅಳತೆಯಲ್ಲ. 1:1.5:3 ಅನ್ನುವುದು ಅದೇ ಶಕ್ತಿಗೆ ರೂಢಿಯಲ್ಲಿರುವ ನಾಮಿನಲ್ ಮಿಕ್ಸ್. ಆ ಪಾಲಿನಲ್ಲಿ ಕಲಸಿದರೆ ಘನ ಮೀಟರಿಗೆ ಸುಮಾರು 400 ಕೆಜಿ, ಅಂದರೆ 8 ಮೂಟೆ ಸಿಮೆಂಟ್ ಹಿಡಿಯುತ್ತದೆ. ಐಟಂ ಹೇಳುವುದು 320 ಕೆಜಿ, 6.4 ಮೂಟೆ. 70.2 ಘನ ಮೀಟರಿಗೆ ಡಿಸೈನ್ ಮಿಕ್ಸ್ ಪ್ರಕಾರ ಸುಮಾರು 449 ಮೂಟೆ. ಕಂಸದ ಪಾಲಿನ ಪ್ರಕಾರ 560ಕ್ಕೂ ಜಾಸ್ತಿ. ನೂರಕ್ಕೂ ಮೀರಿದ ಮೂಟೆಗಳ ಬೆಲೆ ಬರೀ ಒಂದು ಕಂಸದಿಂದ ದರದೊಳಗೆ ನುಗ್ಗುತ್ತಿತ್ತು. ಇನ್ನೊಂದು ವಿಷಯ: ಡಿಸೈನ್ ಮಿಕ್ಸ್ ಅಂದರೆ ಲ್ಯಾಬಿನಲ್ಲಿ ಮಿಕ್ಸ್ ವಿನ್ಯಾಸ ಮಾಡಿಸಿ ವರದಿ ಕೊಡಬೇಕು. ಅದರ ಖರ್ಚೂ ಗುತ್ತಿಗೆದಾರರ ತಲೆಯ ಮೇಲೆ. ಪಾಲು ಕಂಡರೆ ಆ ಖರ್ಚು ಯಾರಿಗೂ ನೆನಪಾಗುವುದಿಲ್ಲ.

ಜಲ್ಲಿಯ ಸಾಲನ್ನೂ ಗಮನಿಸಿ. ಕರಡಿನಲ್ಲಿ "20 ಎಂಎಂ ಜಲ್ಲಿ" ಅಂತಷ್ಟೇ ಇತ್ತು. ಕ್ರಷರಿನಲ್ಲಿ 20 ಎಂಎಂ ಅಂತ ಕೇಳಿದರೆ ಹೆಚ್ಚುಕಡಿಮೆ ಒಂದೇ ಗಾತ್ರದ ಜಲ್ಲಿ ಕೊಡುತ್ತಾರೆ. ಟೆಂಡರ್ ಕೇಳುವುದು 20ರಿಂದ ಕೆಳಕ್ಕೆ ಬೇರೆ ಬೇರೆ ಗಾತ್ರ ಬೆರೆತದ್ದನ್ನು, ಅಂದರೆ 20ರ ಜೊತೆ 12 ಅಥವಾ 10 ಎಂಎಂ ಕೂಡ ತರಿಸಬೇಕು. ಒಂದೇ ಗಾತ್ರ ಹಾಕಿದರೆ ನಡುವೆ ಖಾಲಿ ಜಾಗ ಉಳಿಯುತ್ತದೆ. 150 ಎಂಎಂ ಗೋಡೆಯಲ್ಲಿ ಹಲಗೆ ಬಿಚ್ಚಿದ ಮೇಲೆ ಅಲ್ಲಲ್ಲಿ ಜಲ್ಲಿ ಬರಿದಾಗಿ ಕಾಣುತ್ತದೆ. ಇದು ಮಾತಿನ ಸೂಕ್ಷ್ಮವಲ್ಲ, ಎರಡು ಬಗೆಯ ಲೋಡ್ ತರಿಸುವ ವಿಷಯ.

ಕಬ್ಬಿಣದ ದರ್ಜೆಯಲ್ಲಿ ಒಂದೇ ಅಕ್ಷರ ಬಿದ್ದುಹೋಗಿತ್ತು. ಮೂಲದಲ್ಲಿ `Fe 500D`, ಕರಡಿನಲ್ಲಿ "500 ದರ್ಜೆಯ ಟಿಎಂಟಿ". 500 ಅನ್ನುವುದು ಎರಡರಲ್ಲೂ ಒಂದೇ. ಡಿ ಅಕ್ಷರ ಹೇಳುವುದು ಸರಳು ಮುರಿಯುವ ಮುನ್ನ ಎಷ್ಟು ಹಿಗ್ಗಬೇಕು ಅನ್ನುವುದನ್ನು. ಸರಳಿನ ಭಾರತೀಯ ಮಾನಕ ಐಎಸ್ 1786ರ ಪ್ರಕಾರ 500ಕ್ಕೆ ಕನಿಷ್ಠ ಹಿಗ್ಗುವಿಕೆ ಶೇ. 12, 500ಡಿಗೆ ಶೇ. 16. ಗಂಧಕ, ರಂಜಕದ ಮಿತಿಯೂ ಡಿಯಲ್ಲಿ ಬಿಗಿ. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಡಿ ಇಲ್ಲದಿದ್ದರೆ ಇಂಜಿನಿಯರ್ ಲೋಡ್ ವಾಪಸ್ ಕಳಿಸಬಹುದು. ಹೀಗಾಗಿ ದರ್ಜೆಯ ಗುರುತುಗಳನ್ನು ಅನುವಾದ ಮಾಡುವುದಿಲ್ಲ, ಲಿಪಿಯನ್ನೂ ಬದಲಿಸುವುದಿಲ್ಲ. ಸರಳಿನ ಮೇಲೆ, ಚೀಲದ ಮೇಲೆ ಹೇಗೆ ಅಚ್ಚಾಗಿರುತ್ತದೋ ಹಾಗೇ ಹಾಳೆಯಲ್ಲೂ ಇರಬೇಕು. ಹೋಲಿಸಿ ನೋಡುವ ಹುಡುಗನಿಗೆ ಇಂಗ್ಲಿಷ್ ಬರದಿದ್ದರೂ ಗುರುತು ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಅಗೆತದ ಐಟಂನಲ್ಲಿ ಲೀಡ್, ಲಿಫ್ಟ್ ಎಂಬ ಎರಡು ಮಾತು ಬರುತ್ತವೆ. ಲೀಡ್ 50 ಮೀಟರ್, ಲಿಫ್ಟ್ 1.5 ಮೀಟರ್. ತೆಗೆದ ಮಣ್ಣನ್ನು 50 ಮೀಟರ್ ದೂರದವರೆಗೆ ಸಾಗಿಸುವುದು, 1.5 ಮೀಟರ್ ಆಳದಿಂದ ಮೇಲಕ್ಕೆ ಎತ್ತಿ ಹಾಕುವುದು ಆ ದರದಲ್ಲೇ ಸೇರಿದೆ ಎಂದರ್ಥ. ಕರಡು ಇದನ್ನು "50 ಮೀಟರ್ ಉದ್ದ, 1.5 ಮೀಟರ್ ಎತ್ತರದವರೆಗೆ ಅಗೆಯುವುದು" ಅಂತ ಮಾಡಿತ್ತು. ಓದಿದವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ, ಆದರೆ ಮಣ್ಣು ಸಾಗಿಸುವ ವಿಷಯವೇ ಮಾಯವಾಗಿದೆ.

ಅಗೆತ 0.95 ಮೀಟರ್ ಅಗಲ, ಕೆಳಗಿನ 100 ಎಂಎಂ ಬೆಡ್ ಕಾಂಕ್ರೀಟ್ ಸೇರಿ 0.85 ಆಳ. 240 ಮೀಟರಿಗೆ 193.8 ಘನ ಮೀಟರ್. ಅದರಲ್ಲಿ ಚರಂಡಿ ಮತ್ತು ಬೆಡ್ ಸೇರಿ 157.8 ಘನ ಮೀಟರ್ ಜಾಗ ಹಿಡಿಯುತ್ತವೆ. ಪಕ್ಕಕ್ಕೆ ಮತ್ತೆ ತುಂಬಲು ಬೇಕಾದದ್ದು 36 ಮಾತ್ರ. ಉಳಿದ 157.8 ಘನ ಮೀಟರ್ ಮಣ್ಣು ಎಲ್ಲಿಗೆ? ಅಗೆದ ಮಣ್ಣು ಸಡಿಲವಾಗಿ ಕಾಲುಭಾಗದಷ್ಟು ಉಬ್ಬಿದರೆ ಹತ್ತಿರ ಹತ್ತಿರ 200 ಘನ ಮೀಟರ್. ಹಳ್ಳಿಯ ಬೀದಿಯಲ್ಲಿ 50 ಮೀಟರಿನೊಳಗೆ ಅದನ್ನು ಸುರಿಯಲು ಜಾಗ ಎಲ್ಲಿದೆ? ಟಿಪ್ಪರಿನಲ್ಲಿ ದೂರಕ್ಕೆ ಹೊಡೆಯಬೇಕು. ಅದಕ್ಕೆ ಬಿಓಕ್ಯೂನಲ್ಲಿ ಐಟಂ ಇರಲೇ ಇಲ್ಲ. ಕರಡು ಓದಿದ್ದವರಿಗೆ ಈ ಪ್ರಶ್ನೆ ಹುಟ್ಟುವ ದಾರಿಯೇ ಇರಲಿಲ್ಲ. ಹೊಸ ಹಾಳೆಯಲ್ಲಿ ಲೀಡ್, ಲಿಫ್ಟ್ ಎರಡನ್ನೂ ಹಾಗೇ ಉಳಿಸಿದೆವು, ಮುಂದೆ ಒಂದು ಸಾಲಿನ ವಿವರಣೆ ಕೊಟ್ಟೆವು. ಜೆಸಿಬಿ ಓಡಿಸುವವರು ಕೂಡ ಲೀಡ್ ಅಂತಲೇ ಹೇಳುತ್ತಾರೆ. ಹೊಸ ಪದ ಕಟ್ಟಿದರೆ ಅದು ಯಾರಿಗೂ ಬೇಡವಾದ ಪದ.

ಪರಿಶೀಲನೆಯ ಕೊನೆಗೆ ಸಿಕ್ಕಿದ್ದು ಅನುವಾದದ ದೋಷವೇ ಅಲ್ಲ. ಬಿಓಕ್ಯೂನಲ್ಲಿ ಚರಂಡಿಗೆ ಎಂ20. ತಾಂತ್ರಿಕ ವಿವರಣೆಯ ಕಾಂಕ್ರೀಟ್ ಅಧ್ಯಾಯದಲ್ಲಿ "ಎಲ್ಲ ಆರ್‌ಸಿಸಿ ಕೆಲಸಕ್ಕೂ ಎಂ25". ಮೂಲದಲ್ಲೇ ಎರಡು ಮಾತು. ಡಿಟಿಪಿ ಕರಡಿನಲ್ಲಿ ಎರಡೂ ಕಡೆ ಎಂ20 ಆಗಿತ್ತು. ಟೈಪ್ ಮಾಡಿದವರು ಹೊಂದಿಕೆ ಇರಲಿ ಅಂತ ಒಂದೇ ಮಾಡಿರಬೇಕು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇಂಥ ಸರಿಪಡಿಸುವಿಕೆಯೇ. ಗುತ್ತಿಗೆದಾರರು ಎಂ20ಕ್ಕೆ ದರ ಹಾಕಿ ಕೆಲಸ ಹಿಡಿದ ಮೇಲೆ ಇಂಜಿನಿಯರ್ ವಿವರಣೆಯ ಪುಟ ತೆಗೆದು ಎಂ25 ಕೇಳಿದರೆ ಉತ್ತರ ಇರುವುದಿಲ್ಲ. ಯಾವ ದಾಖಲೆಗೆ ಮೊದಲ ಮಣೆ ಅನ್ನುವ ಷರತ್ತು ಕರಾರಿನಲ್ಲಿ ಇರುತ್ತದೆ ನಿಜ. ಆದರೆ ಅದನ್ನು ನಂಬಿ ದರ ತುಂಬುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಯಾವುದು ಸರಿ ಇರಬಹುದು ಅಂತ ನನಗೆ ಅಂದಾಜಿತ್ತು. ಕಾಂಕ್ರೀಟಿನ ಮಾನಕ ಐಎಸ್ 456:2000 ಮಣ್ಣಿನಲ್ಲಿ ಹೂತ ಕಾಂಕ್ರೀಟನ್ನು ಮಧ್ಯಮ ಪರಿಸರಕ್ಕೆ ಸೇರಿಸುತ್ತದೆ. ಅಲ್ಲಿ ಆರ್‌ಸಿಸಿಗೆ ಕನಿಷ್ಠ ಎಂ25, ನೀರು ಸಿಮೆಂಟಿನ ಅನುಪಾತ ಹೆಚ್ಚೆಂದರೆ 0.50. ಎಂ20 ಸಾಕಾಗುವುದು ಅದಕ್ಕಿಂತ ಸೌಮ್ಯವಾದ ಜಾಗಕ್ಕೆ. ಆದರೂ ಅನುವಾದದಲ್ಲಿ ಎರಡನ್ನೂ ಇದ್ದ ಹಾಗೇ ಇಟ್ಟೆ. ಐಟಂ 4ರಲ್ಲಿ `M20`, ವಿವರಣೆಯಲ್ಲಿ `M25`. ಪಕ್ಕದಲ್ಲಿ ಒಂದು ಗುರುತು, ಕೊನೆಯ ಪುಟದಲ್ಲಿ "ಕಚೇರಿಗೆ ಕೇಳಬೇಕಾದದ್ದು" ಅಂತ ಪಟ್ಟಿ. ಅದರಲ್ಲಿ ಇದ್ದದ್ದು ಎರಡೇ. ಕಾಂಕ್ರೀಟಿನ ದರ್ಜೆ ಯಾವುದು, 50 ಮೀಟರ್ ಮೀರಿ ಮಣ್ಣು ಸಾಗಿಸಿದರೆ ಹಣ ಯಾವ ಐಟಂನಲ್ಲಿ.

ಸ್ಪಷ್ಟನೆ ಕೇಳುವ ಕೊನೆಯ ದಿನಾಂಕದೊಳಗೆ ಗುತ್ತಿಗೆದಾರರು ಪುಟ ಸಂಖ್ಯೆ, ಐಟಂ ಸಂಖ್ಯೆ ಹಾಕಿ ಪ್ರಶ್ನೆ ಕಳಿಸಿದರು. ಪ್ರಶ್ನೆಯನ್ನು ಮೂಲದ ಇಂಗ್ಲಿಷ್ ಪಠ್ಯವನ್ನೇ ಉಲ್ಲೇಖಿಸಿ ಬರೆದೆವು. ಕಚೇರಿಗೆ ನಮ್ಮ ಕನ್ನಡ ಹಾಳೆ ದಾಖಲೆಯಲ್ಲ. ವ್ಯಾಜ್ಯ ಬಂದರೆ ನಿಲ್ಲುವುದು ಮೂಲವೇ, ಅದನ್ನು ಅನುವಾದದ ಮೊದಲ ಪುಟದಲ್ಲೂ ಬರೆದಿದ್ದೆವು. ತಿದ್ದುಪಡಿ ಹೊರಬಂತು. ಚರಂಡಿಗೆ ಎಂ25. ಮಣ್ಣಿಗೆ ಹೊಸ ಐಟಂ ಬರಲಿಲ್ಲ. ಹೆಚ್ಚುವರಿ ಮಣ್ಣನ್ನು ಪಂಚಾಯಿತಿ ತೋರಿಸಿದ ಜಾಗಕ್ಕೆ ಹಾಕಬೇಕು, ಖರ್ಚನ್ನು ಅಗೆತದ ದರದಲ್ಲೇ ಸೇರಿಸಿಕೊಳ್ಳಬೇಕು ಎಂದರು. ಜಾಗ ಊರಾಚೆ, ಒಂದು ಕಿಲೋಮೀಟರಿಗಿಂತ ದೂರ. ಉತ್ತರ ಹಿಡಿಸಲಿಲ್ಲ, ಆದರೆ ದರ ತುಂಬುವ ಮುಂಚೆ ಬಂತು. ಎಂ25ಕ್ಕೆ ನಾಮಿನಲ್ ಮಿಕ್ಸ್ ನಡೆಯುವುದಿಲ್ಲ, ಐಎಸ್ 456 ಅದನ್ನು ಎಂ20ರವರೆಗೆ ಮಾತ್ರ ಬಿಡುತ್ತದೆ. ಹಾಗಾಗಿ ಲ್ಯಾಬಿನ ಖರ್ಚನ್ನು ಐಟಂ 4ರ ದರಕ್ಕೂ, ಟಿಪ್ಪರಿನ ಖರ್ಚನ್ನು ಅಗೆತದ ಐಟಂ 1ಕ್ಕೂ ಹಂಚಿಕೊಂಡರು. ಕನ್ನಡ ಹಾಳೆಯಲ್ಲಿ ಆ ಎರಡು ಸಾಲು ಬದಲಿಸಿ, ಮೇಲೆ ತಿದ್ದುಪಡಿಯ ಸಂಖ್ಯೆ ಮತ್ತು ತಾರೀಖು ಹಾಕಿ, ಹಳೆಯ ಪ್ರತಿಗಳನ್ನು ಮೇಸ್ತ್ರಿಗಳಿಂದ ವಾಪಸ್ ಪಡೆದೆವು. ಸೆಂಟ್ರಿಂಗ್ ಮೇಸ್ತ್ರಿ ಮಾತ್ರ ಕೊಡಲಿಲ್ಲ. ಅದರ ಹಿಂದೆ ಅವರು ಹಲಗೆ ಲೆಕ್ಕ ಬರೆದುಕೊಂಡಿದ್ದರಂತೆ. ಐಟಂ 4ರ ಮೇಲೆ ಅಡ್ಡಗೆರೆ ಎಳೆಸಿ ಬಿಟ್ಟೆವು.